ದುಬೈಯಿಂದ ಊರಿಗೆ ಬರುವ ಹಣ ದಾರಿಯಲ್ಲಿ ಸವೆಯುವುದೆಲ್ಲಿ?

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ದುಡಿಯುವ ಕೆಲಸಗಾರರು ಊರಿಗೆ ಕಳಿಸುವ ಹಣಕ್ಕೆ ಎರಡು ಕಡೆ ಕತ್ತರಿ ಬೀಳುತ್ತದೆ. ಮೊದಲನೆಯದು ಕಳಿಸುವ ಶುಲ್ಕ. ಅದು ರಸೀದಿಯಲ್ಲಿ ಅಚ್ಚಾಗಿರುತ್ತದೆ, ಎಲ್ಲರಿಗೂ ಕಾಣುತ್ತದೆ. ಎರಡನೆಯದು ವಿನಿಮಯ ದರದೊಳಗೇ ಸೇರಿಕೊಂಡಿರುವ ಅಂತರ. ಅದಕ್ಕೆ ರಸೀದಿಯಲ್ಲಿ ಪ್ರತ್ಯೇಕ ಸಾಲಿಲ್ಲ, ಆದ್ದರಿಂದ ಎಷ್ಟು ಹೋಯಿತೆಂದು ಬಹುಪಾಲು ಮಂದಿಗೆ ಗೊತ್ತಾಗುವುದೇ ಇಲ್ಲ. ರಿಸರ್ವ್ ಬ್ಯಾಂಕಿನ 2023–24ರ ಸಮೀಕ್ಷೆಯ ಪ್ರಕಾರ ಭಾರತಕ್ಕೆ ಹೊರದೇಶಗಳಿಂದ ಬರುವ ಇಂಥ ಹಣದಲ್ಲಿ ಶೇ. 19.2ರಷ್ಟು ಎಮಿರೇಟ್ಸ್‌ನಿಂದಲೇ ಬರುತ್ತದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳ ತಿಂಗಳ ಖರ್ಚು ಇದೇ ದಾರಿಯ ಹಣದಿಂದ ನಡೆಯುವುದರಿಂದ ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು.

ದರದ ಅಂತರ ತಿಳಿಯಬೇಕಾದರೆ ನಿಜವಾದ ದರ ಯಾವುದೆಂದು ಮೊದಲು ಗೊತ್ತಿರಬೇಕು. ಬ್ಯಾಂಕುಗಳು ತಮ್ಮತಮ್ಮಲ್ಲಿ ದೊಡ್ಡ ಮೊತ್ತದ ವಿದೇಶಿ ಹಣ ಕೊಂಡು ಮಾರುವ ದರಗಳ ನಡುಮಟ್ಟವೇ ಮಾರುಕಟ್ಟೆ ದರ. ದಿರ್ಹಮ್ ವಿಷಯದಲ್ಲಿ ಇದನ್ನು ಯಾರು ಬೇಕಾದರೂ ಕಂಡುಕೊಳ್ಳಬಹುದು. 1997ರಿಂದ ಒಂದು ಅಮೆರಿಕನ್ ಡಾಲರಿಗೆ 3.6725 ದಿರ್ಹಮ್ ಎಂಬ ದರ ಕದಲದೆ ನಿಂತಿದೆ. ಹಾಗಾಗಿ ಆ ದಿನ ಡಾಲರಿಗೆ ಎಷ್ಟು ರೂಪಾಯಿಯೋ ಅದನ್ನು 3.6725ರಿಂದ ಭಾಗಿಸಿದರೆ ಸಾಕು. ಡಾಲರ್ 88.14 ರೂಪಾಯಿ ಇದ್ದ ದಿನ ದಿರ್ಹಮ್‌ನ ಮಾರುಕಟ್ಟೆ ದರ ಸರಿಯಾಗಿ 24 ರೂಪಾಯಿ. ಡಾಲರಿನ ದರ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಕೆಲಸದ ದಿನಗಳಂದು ಸಿಗುತ್ತದೆ.

ಕೌಂಟರಿನಲ್ಲಿ ಈ 24 ರೂಪಾಯಿ ಸಿಗುವುದಿಲ್ಲ. ಗಲ್ಫ್‌ನಲ್ಲಿ ಬರೀ ‘ಎಕ್ಸ್‌ಚೇಂಜ್’ ಎಂದು ಕರೆಸಿಕೊಳ್ಳುವ ಸಂಸ್ಥೆಗಳು ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ತೆರೆದು, ಅದರಲ್ಲಿ ಮೊದಲೇ ಹಣ ತುಂಬಿಸಿಟ್ಟಿರುತ್ತವೆ. ಆ ರೂಪಾಯಿಯನ್ನು ಅವು ಸಗಟಾಗಿ, ಮಾರುಕಟ್ಟೆ ದರದ ಹತ್ತಿರದಲ್ಲೇ ಕೊಂಡಿರುತ್ತವೆ. ಕೆಲಸಗಾರನಿಗೆ ಮಾರುವುದು ಚಿಲ್ಲರೆಯಾಗಿ, ಸ್ವಲ್ಪ ಕಡಿಮೆ ದರಕ್ಕೆ. ನಡುವೆ ಉಳಿದದ್ದು ಅವುಗಳ ಗಳಿಕೆ. ಇದರಲ್ಲಿ ಕಚೇರಿ ಬಾಡಿಗೆ, ಸಿಬ್ಬಂದಿಯ ಸಂಬಳ, ದರ ಏರಿಳಿದರೆ ಆಗುವ ನಷ್ಟದ ಭಯ ಎಲ್ಲವೂ ಸೇರಿದೆ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವುದರಿಂದ ಸೋಮವಾರ ದರ ಎಲ್ಲಿ ತೆರೆಯುತ್ತದೋ ಗೊತ್ತಿರುವುದಿಲ್ಲ. ಆ ಎರಡು ದಿನ ಸಂಸ್ಥೆಗಳು ಅಂತರವನ್ನು ಇನ್ನಷ್ಟು ಹಿಗ್ಗಿಸುವುದುಂಟು. ಕೂಲಿಯವರಿಗೆ ಪುರುಸೊತ್ತು ಸಿಗುವುದು ರಜೆಯ ದಿನಗಳಲ್ಲೇ ಎಂಬುದು ಬೇಸರದ ಸಂಗತಿ.

ಒಂದು ಲೆಕ್ಕ ಹಾಕಿ ನೋಡೋಣ. ಕೆಲಸಗಾರನೊಬ್ಬನ ಕೈಯಲ್ಲಿ 1,500 ದಿರ್ಹಮ್ ಇದೆ. ಮಾರುಕಟ್ಟೆ ದರ 24 ರೂಪಾಯಿ. ಏನೂ ಕಡಿತವಾಗದಿದ್ದರೆ ಮನೆಗೆ 36,000 ರೂಪಾಯಿ ಸೇರಬೇಕು. ಅವನು ಹೋದ ಸಂಸ್ಥೆಯಲ್ಲಿ ಶುಲ್ಕ 20 ದಿರ್ಹಮ್, ಅದರ ಮೇಲೆ ಅಲ್ಲಿನ ಶೇ. 5ರ ವ್ಯಾಟ್ 1 ದಿರ್ಹಮ್, ದರ 23.76 ಎಂದಿಟ್ಟುಕೊಳ್ಳಿ. ಶುಲ್ಕ ಕಳೆದು ಉಳಿದ 1,479 ದಿರ್ಹಮ್ ಆ ದರದಲ್ಲಿ 35,141 ರೂಪಾಯಿ ಆಗುತ್ತದೆ. ಹೋದದ್ದು ಒಟ್ಟು 859 ರೂಪಾಯಿ. ಅದರಲ್ಲಿ ಶುಲ್ಕದ ಪಾಲು 504, ದರದ ಅಂತರದ ಪಾಲು 355. ಒಂದು ದಿರ್ಹಮಿಗೆ ಬರೀ 24 ಪೈಸೆ ಎಂದು ಕೇಳುವಾಗ ಏನೂ ಅಲ್ಲ ಅನಿಸುತ್ತದೆ, ಆದರೆ ಅಷ್ಟೇ ಪೈಸೆ ಮೊತ್ತದ ಜೊತೆ ಬೆಳೆಯುತ್ತ ಹೋಗುತ್ತದೆ.

ಪಕ್ಕದಲ್ಲೇ ಇನ್ನೊಂದು ಸಂಸ್ಥೆ ‘ಶುಲ್ಕವೇ ಇಲ್ಲ’ ಎಂದು ಬೋರ್ಡು ಹಾಕಿದೆ. ಅದರ ದರ 23.30. ಅಲ್ಲಿ 1,500 ದಿರ್ಹಮ್ ಕೊಟ್ಟರೆ ಮನೆಗೆ ಸೇರುವುದು 34,950 ರೂಪಾಯಿ. ಶುಲ್ಕ ಪಡೆದ ಸಂಸ್ಥೆಗಿಂತ ಇಲ್ಲೇ 191 ರೂಪಾಯಿ ಕಡಿಮೆ! ಬಿಟ್ಟುಕೊಟ್ಟಂತೆ ಕಂಡ ಶುಲ್ಕವನ್ನು ದರದಲ್ಲಿ ವಸೂಲು ಮಾಡಲಾಗಿದೆ. ಹಾಗೆಂದು ಶುಲ್ಕವಿಲ್ಲದ ಸೇವೆ ಯಾವಾಗಲೂ ನಷ್ಟವೇ ಎಂದೂ ಅಲ್ಲ. ಇದೇ ಇಬ್ಬರ ಬಳಿ 500 ದಿರ್ಹಮ್ ಒಯ್ದರೆ ಲೆಕ್ಕ ತಿರುಗಿಬೀಳುತ್ತದೆ: ಶುಲ್ಕ ಕೇಳುವವನಲ್ಲಿ 11,381 ರೂಪಾಯಿ, ಶುಲ್ಕವಿಲ್ಲದವನಲ್ಲಿ 11,650. ಈ ಉದಾಹರಣೆಯಲ್ಲಿ ಸುಮಾರು 1,085 ದಿರ್ಹಮ್ ಎರಡೂ ಸಮವಾಗುವ ಗಡಿ. ಅದಕ್ಕಿಂತ ಚಿಕ್ಕ ಮೊತ್ತಕ್ಕೆ ಶುಲ್ಕವಿಲ್ಲದ್ದು ಮೇಲು, ದೊಡ್ಡದಕ್ಕೆ ಒಳ್ಳೆಯ ದರ ಕೊಡುವುದು ಮೇಲು. ಸಂಸ್ಥೆ ಬದಲಾದರೆ, ದಿನ ಬದಲಾದರೆ ಈ ಗಡಿಯೂ ಬದಲಾಗುತ್ತದೆ.

ನಿಗದಿತ ಶುಲ್ಕ ಹೆಚ್ಚು ಕಚ್ಚುವುದು ಕಡಿಮೆ ಸಂಬಳದವರನ್ನೇ. 1,500 ದಿರ್ಹಮ್ ಕಳಿಸಿದವನು ಕಳೆದುಕೊಂಡದ್ದು ಶೇ. 2.4ರಷ್ಟಾದರೆ, ಅದೇ ಕೌಂಟರಿನಲ್ಲಿ 500 ಕಳಿಸಿದವನು ಶೇ. 5ಕ್ಕಿಂತ ಹೆಚ್ಚು ಕಳೆದುಕೊಂಡ. ಒಂದೇ ತಿಂಗಳಲ್ಲಿ ಮೂರು ಸಲ ಐನೂರೈನೂರು ಕಳಿಸುವ ಬದಲು ಒಟ್ಟಿಗೆ 1,500 ಕಳಿಸಿದರೆ ಸುಮಾರು 998 ರೂಪಾಯಿ ಮನೆಯಲ್ಲೇ ಉಳಿಯುತ್ತದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 2030ರೊಳಗೆ ಈ ವೆಚ್ಚವನ್ನು ಶೇ. 3ಕ್ಕಿಂತ ಕೆಳಗಿಳಿಸಬೇಕು ಎಂಬುದೂ ಒಂದು. ವಿಶ್ವಬ್ಯಾಂಕ್ ಈ ವೆಚ್ಚ ಅಳೆಯುವಾಗ ಶುಲ್ಕ ಮತ್ತು ದರದ ಅಂತರ ಎರಡನ್ನೂ ಕೂಡಿಸಿಯೇ ಅಳೆಯುತ್ತದೆ. ಅದೇ ಸರಿಯಾದ ಕ್ರಮ.

ಹಣ ಯಾವ ರೂಪದಲ್ಲಿ ಭಾರತ ತಲುಪುತ್ತದೆ ಎಂಬುದರ ಮೇಲೂ ಕಡಿತ ನಿಂತಿದೆ. ಎಕ್ಸ್‌ಚೇಂಜ್ ಮೂಲಕ ಬಂದದ್ದು ಅಲ್ಲೇ ರೂಪಾಯಿಯಾಗಿ, ಇಲ್ಲಿನ ಬ್ಯಾಂಕುಗಳ ನಡುವಿನ ಮಾಮೂಲು ವರ್ಗಾವಣೆಯಂತೆ ಖಾತೆಗೆ ಬೀಳುತ್ತದೆ. ರಸೀದಿಯಲ್ಲಿ ಬರೆದ ಮೊತ್ತವೇ ಸಾಮಾನ್ಯವಾಗಿ ಪಾಸ್‌ಬುಕ್ಕಿನಲ್ಲೂ ಕಾಣುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ವಿದೇಶಿ ಹಣವಾಗಿಯೇ ಕಳಿಸಿದರೆ ಹಾಗಲ್ಲ. ನಡುವಿನ ಬ್ಯಾಂಕೊಂದು ತನ್ನ ಕೂಲಿ ಹಿಡಿದುಕೊಳ್ಳಬಹುದು, ಊರಿನ ಬ್ಯಾಂಕು ತನ್ನದೇ ಖರೀದಿ ದರದಲ್ಲಿ ಅದನ್ನು ರೂಪಾಯಿ ಮಾಡುತ್ತದೆ, ಆ ಪರಿವರ್ತನೆಗೆ ಜಿಎಸ್‌ಟಿಯೂ ಬೀಳುತ್ತದೆ. ಒಂದು ಲಕ್ಷದವರೆಗಿನ ಮೊತ್ತಕ್ಕೆ ಅದರ ಶೇ. 1ರ ಮೇಲೆ ಶೇ. 18 ಎಂಬುದು ಜಿಎಸ್‌ಟಿ ಲೆಕ್ಕ. 36,000 ರೂಪಾಯಿಗೆ 64 ರೂಪಾಯಿ 80 ಪೈಸೆ. ತೆರಿಗೆ ಚಿಕ್ಕದು, ಊರಿನ ಬ್ಯಾಂಕಿನ ಖರೀದಿ ದರವನ್ನೇ ಹೆಚ್ಚು ಗಮನಿಸಬೇಕು. ಕಳಿಸಿದವನಿಗೆ ಆ ದರ ಮೊದಲೇ ತಿಳಿದಿರುವುದಿಲ್ಲ. ರಸೀದಿಗೂ ಪಾಸ್‌ಬುಕ್ಕಿಗೂ ತಾಳೆಯಾಗದಿದ್ದರೆ ಹಣ ಈ ದಾರಿಯಲ್ಲಿ ಬಂದಿತೇ ಎಂದು ವಿಚಾರಿಸಬೇಕು.

ಹುಂಡಿಯವರು ಇದಕ್ಕಿಂತ ಒಳ್ಳೆಯ ದರ ಹೇಳಬಹುದು. ಆದರೆ ಅದು ವಿದೇಶಿ ವಿನಿಮಯ ಕಾಯ್ದೆಗೆ ವಿರುದ್ಧ, ಹಣ ಬಾರದಿದ್ದರೆ ತೋರಿಸಲು ರಸೀದಿಯೂ ಇರುವುದಿಲ್ಲ.

ಶುಲ್ಕ ಎಷ್ಟು ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ, ದರ ಎಷ್ಟು ಎಂದು ಕೇಳಿದರೆ ಉಳಿದರ್ಧ. ಕೌಂಟರಿನಲ್ಲಿ ಕೇಳಬೇಕಾದ್ದು ಒಂದೇ: ‘ಎಲ್ಲ ಸೇರಿ ನಾನು ಕೊಡುವುದು 1,500 ದಿರ್ಹಮ್, ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಕಡೆ ಇದನ್ನು ಕೇಳಿ, ಹೆಚ್ಚು ರೂಪಾಯಿ ಹೇಳಿದ ಕಡೆ ಕಳಿಸಿ.