ಕಡಿದ ಫೀಡ್, ಕಾಣೆಯಾದ 725 ವಹಿವಾಟು

ಬೆಲೆ ತೋರಿಸುವ ಆ್ಯಪ್‌ ತೆರೆದಿಟ್ಟುಕೊಂಡರೆ ಅಂಕಿ ತಾನಾಗಿಯೇ ಏರಿಳಿಯುತ್ತಿರುತ್ತದೆ. ನಾವು ಏನನ್ನೂ ಒತ್ತಿರುವುದಿಲ್ಲ. ಸಾಮಾನ್ಯ ವೆಬ್‌ ಪುಟವಾದರೆ ಪ್ರತಿ ಸಲ ಕೇಳಬೇಕು, ಕೇಳಿದಾಗ ಉತ್ತರ ಬರುತ್ತದೆ. ಇಲ್ಲಿ ಕೆಲಸ ಮಾಡುವುದು ವೆಬ್‌ಸಾಕೆಟ್‌. 2011ರಲ್ಲಿ ಅಧಿಕೃತ ಮಾನದಂಡವಾದ ಈ ವ್ಯವಸ್ಥೆಯಲ್ಲಿ ಸಂಪರ್ಕ ಒಮ್ಮೆ ತೆರೆದರೆ ತೆರೆದೇ ಇರುತ್ತದೆ, ಹೊಸ ಸಂಗತಿ ಇದ್ದಾಗಲೆಲ್ಲ ಸರ್ವರ್‌ ತಾನೇ ಕಳಿಸುತ್ತದೆ. ಹೀಗೆ ಬಂದು ಬೀಳುವ ಒಂದೊಂದು ಬೆಲೆಯನ್ನೂ ಟಿಕ್‌ ಎನ್ನುತ್ತಾರೆ.

ಆದರೆ ವೆಬ್‌ಸಾಕೆಟ್‌ಗೆ ನೆನಪಿಲ್ಲ. ನಡುವೆ ಸಂಪರ್ಕ ಕಡಿದು ಮತ್ತೆ ಕೂಡಿಕೊಂಡರೆ, ಕೂಡಿದ ಕ್ಷಣದಿಂದ ಮುಂದಿನದಷ್ಟೇ ಬರುತ್ತದೆ. ಕಡಿದಿದ್ದ ಹೊತ್ತಿನಲ್ಲಿ ನಡೆದದ್ದನ್ನು ಅದು ಮರಳಿ ಹೇಳುವುದಿಲ್ಲ. ಕಣ್ಣಿನಿಂದ ಬೆಲೆ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಟಿಕ್‌ಗಳನ್ನು ಕೂಡಿಸಿ ಚಾರ್ಟ್‌ ಕಟ್ಟುವ, ಅದನ್ನು ನೋಡಿ ಕೊಳ್ಳುವ, ಮಾರುವ ಪ್ರೋಗ್ರಾಂಗೆ ಮಾತ್ರ ಆ ಖಾಲಿ ಜಾಗ ನಿಜವಾದ ತೊಂದರೆ. ಏಕೆಂದರೆ ತನ್ನ ಲೆಕ್ಕದಲ್ಲಿ ಖಾಲಿ ಇದೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಮೊದಲ ಕಷ್ಟ, ಕಡಿದದ್ದನ್ನು ತಿಳಿಯುವುದು. ಸರ್ವರ್‌ ಸಂಪರ್ಕ ಮುರಿದ ಸುದ್ದಿ ನಮ್ಮನ್ನು ತಲುಪಿದರೆ ಲಾಗ್‌ನಲ್ಲಿ 1006 ಎಂಬ ಸಂಕೇತ ಕಾಣಿಸುತ್ತದೆ: ವಿದಾಯ ಹೇಳದೆ ಸಂಪರ್ಕ ಮುರಿದಿದೆ ಎಂದು ಅರ್ಥ. ಇದು ಸುಲಭದ ಸಂದರ್ಭ. ವೈಫೈ ಬದಲಾದಾಗ, ದಾರಿಯಲ್ಲಿನ ಯಾವುದೋ ರೂಟರ್‌ ನಮ್ಮ ಸಂಪರ್ಕವನ್ನು ಮರೆತಾಗ ಅಷ್ಟು ಸುದ್ದಿಯೂ ಬರುವುದಿಲ್ಲ. ಪ್ರೋಗ್ರಾಂ ಮುಂದಿನ ಟಿಕ್‌ಗಾಗಿ ಸುಮ್ಮನೆ ಕಾಯುತ್ತಲೇ ಇರುತ್ತದೆ. ಸತ್ತ ಸಂಪರ್ಕವನ್ನು ಪರೀಕ್ಷಿಸುವ ಏರ್ಪಾಡು ಲಿನಕ್ಸ್‌ನಲ್ಲಿ ಇದೆ. ಆದರೆ ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ಶುರುವಾಗುತ್ತದೆ, ಮೊದಲ ಪರೀಕ್ಷೆ ನಡೆಯುವುದೂ ಮಾಮೂಲಿಯಾಗಿ 2 ಗಂಟೆ ಮೌನದ ನಂತರ. ಮಾರುಕಟ್ಟೆಯಲ್ಲಿ 2 ಗಂಟೆ ಎಂದರೆ ಏನೆಲ್ಲ ಆಗಿಹೋಗಬಹುದು!

ಆದ್ದರಿಂದ ಮೌನವನ್ನು ನಾವೇ ಅಳೆಯಬೇಕು. ಕ್ರಿಪ್ಟೊ ವಿನಿಮಯ ಕೇಂದ್ರ ಬೈನಾನ್ಸ್‌ನ ಉದಾಹರಣೆಯನ್ನೇ ನೋಡೋಣ. ಅದರ ಸ್ಪಾಟ್‌ ಮಾರುಕಟ್ಟೆಯ ಸರ್ವರ್‌ 20 ಸೆಕೆಂಡಿಗೊಮ್ಮೆ ‘ಪಿಂಗ್‌’ ಎಂಬ ಪುಟ್ಟ ಸಂದೇಶ ಕಳಿಸುತ್ತದೆ. ನಮ್ಮ ಕಡೆಯಿಂದ ‘ಪಾಂಗ್‌’ ಉತ್ತರ ಒಂದು ನಿಮಿಷದೊಳಗೆ ಹೋಗದಿದ್ದರೆ ಸಂಪರ್ಕ ಮುರಿಯುತ್ತದೆ. 45 ಸೆಕೆಂಡು ಟಿಕ್ಕೂ ಇಲ್ಲ, ಪಿಂಗೂ ಇಲ್ಲ ಎಂದಾದರೆ ಆ ಸಂಪರ್ಕ ಸತ್ತಿದೆ ಎಂದೇ ತೀರ್ಮಾನಿಸಬಹುದು. ಬಿಟ್‌ಕಾಯಿನ್‌ನಂಥ ಬಿರುಸಿನ ವಹಿವಾಟಿನಲ್ಲಿ ಇನ್ನೂ ಬೇಗ, 10 ಸೆಕೆಂಡು ಮೌನಕ್ಕೇ ಸಂಶಯಪಡಬೇಕು. ಯಾರೂ ಮುಟ್ಟದ ಸಣ್ಣ ನಾಣ್ಯವಾದರೆ ನಿಮಿಷಗಟ್ಟಲೆ ಟಿಕ್‌ ಬರದಿರುವುದು ಸಹಜ. ಅಲ್ಲಿ ಪಿಂಗ್‌ ಒಂದೇ ಗತಿ.

ಕಡಿದದ್ದು ತಿಳಿದ ಮೇಲೆ ಮತ್ತೆ ಕೂಡಿಕೊಳ್ಳುವ ಕೆಲಸ. ತಕ್ಷಣ, ಬಿಡುವಿಲ್ಲದೆ ಪ್ರಯತ್ನಿಸುತ್ತಲೇ ಇರುವುದು ತಪ್ಪು. ಸರ್ವರ್‌ ಬಿದ್ದಿದ್ದರೆ ಸಾವಿರಾರು ಪ್ರೋಗ್ರಾಂಗಳು ಒಟ್ಟಿಗೇ ಮುಗಿಬಿದ್ದು ಅದನ್ನು ಏಳಲೂ ಬಿಡುವುದಿಲ್ಲ. ಅದಕ್ಕಾಗಿ 1 ಸೆಕೆಂಡು, ಆಮೇಲೆ 2, 4, 8 ಎಂದು ಕಾಯುವ ಹೊತ್ತನ್ನು ಹೆಚ್ಚಿಸುತ್ತ ಒಂದು ನಿಮಿಷದವರೆಗೆ ಹೋಗುತ್ತಾರೆ. ಎಲ್ಲರೂ ಒಂದೇ ತಾಳಕ್ಕೆ ಬಾರದಿರಲೆಂದು ಪ್ರತಿ ಸಲವೂ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತಾರೆ. ಕಾಯುವ ಹೊತ್ತನ್ನು ಮತ್ತೆ 1 ಸೆಕೆಂಡಿಗೆ ಇಳಿಸಬೇಕಾದದ್ದು ಸಂಪರ್ಕ ಸಿಕ್ಕಾಗಲ್ಲ, ಮೊದಲ ಟಿಕ್‌ ಬಂದ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಪರ್ಕ ತೆರೆದಿರುತ್ತದೆ, ಯಾವ ನಾಣ್ಯದ ಬೆಲೆ ಬೇಕೆಂದು ಪ್ರೋಗ್ರಾಂ ಮತ್ತೆ ಹೇಳಿರುವುದೇ ಇಲ್ಲ. ಹೊರಗಿನಿಂದ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಒಳಗೆ ಒಂದು ಟಿಕ್ಕೂ ಬರುತ್ತಿರುವುದಿಲ್ಲ. ಇಂಥ ಸ್ಥಿತಿ ಅಪರೂಪವೇನಲ್ಲ.

ಇನ್ನು ಖಾಲಿ ಜಾಗ ತುಂಬುವುದು. ರಸೀದಿ ಪುಸ್ತಕದ ಹಾಳೆಗಳಂತೆ ಬೈನಾನ್ಸ್‌ನ ಒಟ್ಟುಗೂಡಿಸಿದ ಪ್ರತಿ ವಹಿವಾಟಿಗೂ ಕ್ರಮಸಂಖ್ಯೆ ಇದೆ; ಸಂದೇಶದಲ್ಲಿ ಅದು `a` ಎಂಬ ಹೆಸರಿನಲ್ಲಿ ಬರುತ್ತದೆ. ಬೆಳಿಗ್ಗೆ 10:14:20ಕ್ಕೆ ಫೀಡ್‌ ಕಡಿಯಿತು, ಕೊನೆಯ ಸಂಖ್ಯೆ 5000120 ಎಂದುಕೊಳ್ಳೋಣ (ಓದಲು ಸುಲಭವಾಗಲೆಂದು ಸಣ್ಣ ಸಂಖ್ಯೆ). 10:14:58ಕ್ಕೆ ಮತ್ತೆ ಕೂಡಿಕೊಂಡಾಗ ಬಂದ ಮೊದಲ ಸಂಖ್ಯೆ 5000846. ನಡುವಿನ 725 ವಹಿವಾಟುಗಳು ನಮ್ಮ ಬಳಿ ಇಲ್ಲ. ಅಂದಾಜಲ್ಲ, ಖಚಿತ ಲೆಕ್ಕ. ಅವನ್ನು ಸಾಮಾನ್ಯ ವೆಬ್‌ ಕೋರಿಕೆಯಿಂದ ತರಿಸಬಹುದು:

```
GET /api/v3/aggTrades?symbol=BTCUSDT&fromId=5000121&limit=1000
```

ಒಂದು ಕೋರಿಕೆಗೆ ಹೆಚ್ಚೆಂದರೆ 1000 ವಹಿವಾಟು ಬರುತ್ತವೆ, ಹೀಗಾಗಿ ಇಲ್ಲಿ ಒಂದೇ ಕೋರಿಕೆ ಸಾಕು. ಕೊರತೆ ದೊಡ್ಡದಾದರೆ, ಬಂದ ಕೊನೆಯ ಸಂಖ್ಯೆಯ ಮುಂದಿನದರಿಂದ ಮತ್ತೆ ಕೇಳುತ್ತ ಹೋಗಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕೆಲಸದ ಅನುಕ್ರಮದಲ್ಲಿ. ಹಳೆಯದನ್ನು ಮೊದಲು ತರಿಸಿ, ಆಮೇಲೆ ಫೀಡ್‌ಗೆ ಕೂಡಿಕೊಳ್ಳೋಣ ಎಂದು ಸಹಜವಾಗಿ ತೋಚುತ್ತದೆ. ಹಾಗೆ ಮಾಡಿದರೆ 5000845ರವರೆಗೆ ಸಿಗುತ್ತದೆ, ಕೂಡಿಕೊಳ್ಳುವಷ್ಟರಲ್ಲಿ ಮಾರುಕಟ್ಟೆ 5000853ಕ್ಕೆ ಹೋಗಿರುತ್ತದೆ. ಒಂದು ತೂತು ಮುಚ್ಚುವಾಗ ಏಳು ವಹಿವಾಟಿನ ಇನ್ನೊಂದು ತೂತು ಬೀಳುತ್ತದೆ. ಆದ್ದರಿಂದ ಮೊದಲು ಕೂಡಿಕೊಳ್ಳಬೇಕು. ಬರುವ ಟಿಕ್‌ಗಳನ್ನು ಬಳಸದೆ ಪಕ್ಕಕ್ಕೆ ಕೂಡಿಹಾಕಬೇಕು. ಆಮೇಲೆ ಹಳೆಯದನ್ನು ತರಿಸಿ ಸಂಖ್ಯೆಯ ಪ್ರಕಾರ ಜೋಡಿಸಿ, ಕೊನೆಗೆ ಕೂಡಿಟ್ಟದ್ದನ್ನು ಬಿಡಬೇಕು. ತರಿಸಿದ್ದರಲ್ಲಿ 5000871ರವರೆಗೂ ಇದ್ದರೆ, 846ರಿಂದಾಚೆಯ ಕೆಲವು ಎರಡೆರಡು ಸಲ ಇರುತ್ತವೆ. ಈಗಾಗಲೇ ಕಂಡ ಸಂಖ್ಯೆಯನ್ನು ಬಿಟ್ಟರಾಯಿತು. ಬದಲಿಗೆ 845ರವರೆಗೆ ತಲುಪಿರದಿದ್ದರೆ ಅರ್ಧ ಸೆಕೆಂಡು ಬಿಟ್ಟು ಇನ್ನೊಮ್ಮೆ ಕೇಳಬೇಕು.

ಬೈನಾನ್ಸ್‌ ಒಂದು ಸಂಪರ್ಕವನ್ನು 24 ಗಂಟೆಗಿಂತ ಹೆಚ್ಚು ಇರಗೊಡುವುದಿಲ್ಲ. ಅಂದರೆ ಈ ಕಡಿತ ಮೊದಲೇ ಗೊತ್ತಿರುವಂಥದ್ದು. ಇದೇ ಕ್ರಮಸಂಖ್ಯೆಯ ಬಲದಿಂದ, ಹಳೆಯದು ಮುಗಿಯುವ ಮೊದಲೇ ಎರಡನೆಯ ಸಂಪರ್ಕ ತೆರೆದು, ಜೋಡಿ ಟಿಕ್‌ಗಳನ್ನು ಕಿತ್ತುಹಾಕಿ, ಖಾಲಿಯೇ ಬೀಳದಂತೆ ದಾಟಿಕೊಳ್ಳಬಹುದು.

ತುಂಬಿದ 725 ಟಿಕ್‌ಗಳು ಹಳೆಯವು ಎಂಬುದನ್ನೂ ಪ್ರೋಗ್ರಾಂ ಮರೆಯಬಾರದು. ಆ 38 ಸೆಕೆಂಡಿನಲ್ಲಿ ಬೆಲೆ ಕುಸಿದು ಮತ್ತೆ ಏರಿರಬಹುದು. 10:14ರ ಕ್ಯಾಂಡಲ್‌ನ ಅತಿ ಕಡಿಮೆ ಬೆಲೆಯನ್ನು ಅದರಿಂದ ಸರಿಪಡಿಸಲೇಬೇಕು. ಅದಕ್ಕೆ ಟಿಕ್‌ ನಮ್ಮ ಕೈಗೆ ಬಂದ ಸಮಯವನ್ನಲ್ಲ, ವಹಿವಾಟು ನಡೆದ ಸಮಯವನ್ನು, ಸಂದೇಶದಲ್ಲಿ `T` ಎಂದಿರುವುದನ್ನು ನೋಡಬೇಕು. ಆದರೆ ಆ ಹಳೆಯ ಕುಸಿತ ಕಂಡು ಈಗ ಮಾರಲು ಹೊರಟರೆ, ಎಂದೋ ಹೋದ ಬೆಲೆಯ ಮೇಲೆ ಇಂದಿನ ಹಣ ಹಾಕಿದಂತೆ. ಚಾರ್ಟ್‌ಗೆ ಬೇಕು, ಆರ್ಡರ್‌ಗೆ ಬೇಡ.

ಕ್ರಮಸಂಖ್ಯೆಯೇ ಇಲ್ಲದ ಫೀಡ್‌ಗಳೂ ಇವೆ. ಬೆಂಗಳೂರಿನ ಝೆರೋಧಾದ ಕೈಟ್‌ ಕನೆಕ್ಟ್‌ ಕೊಡುವುದು ಪ್ರತಿ ವಹಿವಾಟನ್ನಲ್ಲ, ಆಗಾಗ ತೆಗೆದ ಬೆಲೆಯ ಚಿತ್ರವನ್ನು. ಹಳೆಯ ದತ್ತಾಂಶ ಸಿಗುವುದೂ ಒಂದು ನಿಮಿಷದ ಕ್ಯಾಂಡಲ್‌ವರೆಗೆ ಮಾತ್ರ. ತಪ್ಪಿದ ಟಿಕ್‌ಗಳು ಅಲ್ಲಿ ತಪ್ಪಿದವೇ. ಆದರೂ ಒಂದು ಸುಳಿವಿದೆ: ಕೋಟ್‌ ಮತ್ತು ಫುಲ್‌ ಮೋಡ್‌ನಲ್ಲಿ ಷೇರಿನ ಪ್ರತಿ ಟಿಕ್‌ನಲ್ಲೂ ಆ ದಿನದ ಒಟ್ಟು ವಹಿವಾಟಾದ ಷೇರುಗಳ ಸಂಖ್ಯೆ ಇರುತ್ತದೆ. ಕಡಿಯುವ ಮೊದಲು 12,40,300 ಇದ್ದು, ಕೂಡಿದ ಮೇಲೆ 12,58,900 ಆಗಿದ್ದರೆ, ನಡುವೆ 18,600 ಷೇರು ಕೈಬದಲಾಗಿವೆ. ಯಾವ ಬೆಲೆಗೆ ಎಂಬುದು ಇದರಿಂದ ತಿಳಿಯದು. ಆ ನಿಮಿಷ ಮುಗಿದ ಮೇಲೆ ಕ್ಯಾಂಡಲ್‌ ತರಿಸಿದರೆ ಅತಿ ಹೆಚ್ಚು, ಅತಿ ಕಡಿಮೆ ಬೆಲೆಯ ಮಿತಿಯಾದರೂ ಸಿಗುತ್ತದೆ. ನಿಮಿಷದ ಚಾರ್ಟ್‌ ನೆಚ್ಚಿಕೊಂಡವರಿಗೆ ಅಷ್ಟು ಸಾಕು. ಒಂದೊಂದು ಟಿಕ್ಕನ್ನೂ ಎಣಿಸುವವರು ಖಾಲಿಯ ಆರಂಭ, ಕೊನೆಯ ಸಮಯಗಳನ್ನು ದತ್ತಾಂಶದ ಜೊತೆಗೇ ಬರೆದಿಟ್ಟು, ಆ ತುಣುಕನ್ನು ಲೆಕ್ಕದಿಂದ ಹೊರಗಿಡಬೇಕು. ಎರಡು ಬೆಲೆಗಳ ನಡುವೆ ಗೆರೆ ಎಳೆದು ಕಲ್ಪಿತ ಟಿಕ್‌ಗಳನ್ನು ತುಂಬಬಾರದು.