ರಾತ್ರಿ ತಡೆದ ನೋಟಿಫಿಕೇಶನ್ ಬೆಳಿಗ್ಗೆ ಏನಾಗುತ್ತದೆ?

ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಗ್ರಾಹಕರ ಫೋನಿಗೆ ಏನನ್ನೂ ಕಳಿಸಬಾರದು ಎಂದು ಆ್ಯಪ್ ಕಂಪನಿಗಳು ನಿಯಮ ಮಾಡಿಕೊಳ್ಳುತ್ತವೆ. ಇದಕ್ಕೆ ಕ್ವಾಯೆಟ್ ಅವರ್ಸ್ ಎನ್ನುತ್ತಾರೆ. ನಿಯಮ ಮಾಡುವುದು ಸುಲಭ. ತೊಂದರೆ ಶುರುವಾಗುವುದು ಎಂಟು ಗಂಟೆಗೆ.

ಬಟ್ಟೆ ಮಾರುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ರಾತ್ರಿ ಹತ್ತೂಕಾಲಿಗೆ ‘ಹನ್ನೆರಡರವರೆಗೆ ಮಾತ್ರ ರಿಯಾಯಿತಿ’ ಎಂಬ ಸಂದೇಶ ಸಿದ್ಧವಾಯಿತು. ಹನ್ನೊಂದಕ್ಕೆ, ಕಾರ್ಟ್‌ನಲ್ಲಿಟ್ಟು ಬಿಟ್ಟ ಸೀರೆಯ ನೆನಪು. ಒಂದು ಗಂಟೆಗೆ, ಅದೇ ಸೀರೆಯ ಬೆಲೆ ಇಳಿದ ಸುದ್ದಿ. ಸರ್ವರ್ ಮೂರನ್ನೂ ತಡೆದಿಟ್ಟುಕೊಂಡು ಎಂಟು ಹೊಡೆದ ಕೂಡಲೇ ಒಟ್ಟಿಗೆ ಬಿಡುತ್ತದೆ. ಮಕ್ಕಳ ಟಿಫಿನ್ ಕಟ್ಟುತ್ತಿರುವ ಹೊತ್ತಿಗೆ ಫೋನು ಮೂರು ಸಲ ಸದ್ದು ಮಾಡುತ್ತದೆ, ಅದರಲ್ಲೊಂದು ಮುಗಿದುಹೋದ ರಿಯಾಯಿತಿ. ಆಗಲೇ ಜನ ಆ್ಯಪ್ ತೆಗೆದುಹಾಕುವುದು.

ಹಾಗಾಗಿ ಪ್ರತಿ ಸಂದೇಶಕ್ಕೂ ಒಂದು ವಾಯಿದೆ ಇರಬೇಕು. ಬೆಳಗಾಗುವಷ್ಟರಲ್ಲಿ ವಾಯಿದೆ ಮೀರಿದ್ದನ್ನು ಕಳಿಸದೆ ಅಳಿಸಬೇಕು. ಒಂದೇ ಸೀರೆಯ ಬಗ್ಗೆ ಎರಡು ಸಂದೇಶಗಳಿದ್ದರೆ ಹೊಸದನ್ನು ಮಾತ್ರ ಉಳಿಸಿಕೊಳ್ಳಬೇಕು. ಮೂರರಲ್ಲಿ ಒಂದೇ ಉಳಿಯಿತು. ಅದನ್ನೂ ಎಂಟಕ್ಕೇ ಕಳಿಸಬೇಕೆಂದಿಲ್ಲ, ಆಕೆ ಸಾಮಾನ್ಯವಾಗಿ ಆ್ಯಪ್ ತೆರೆಯುವ ಹೊತ್ತಿಗೆ ಕಳಿಸಬಹುದು. ಆ ಹೊತ್ತನ್ನು ಆಕೆಯಿರುವ ಊರಿನ ಗಡಿಯಾರದಿಂದಲೇ ಲೆಕ್ಕ ಹಾಕಬೇಕು. ಬೆಂಗಳೂರಿನ ಸರ್ವರ್ ಬೆಳಿಗ್ಗೆ 10ಕ್ಕೆ ಕಳಿಸಿದ್ದು ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕನ್ನಡಿಗರಿಗೆ ಮಧ್ಯರಾತ್ರಿ 12.30ಕ್ಕೆ ಮುಟ್ಟುತ್ತದೆ.

ಎರಡನೆಯ ಕಟ್ಟು ಫ್ರೀಕ್ವೆನ್ಸಿ ಕ್ಯಾಪ್, ಅಂದರೆ ಒಬ್ಬರಿಗೆ ಎಷ್ಟು ಸಂದೇಶ ಎಂಬ ಮಿತಿ. ‘ದಿನಕ್ಕೆ ಎರಡು’ ಎಂದು ಕ್ಯಾಲೆಂಡರ್ ನೋಡಿ ಎಣಿಸಿದರೆ ರಾತ್ರಿ ಒಂಬತ್ತಕ್ಕೆ ಎರಡು, ಬೆಳಿಗ್ಗೆ ಎಂಟಕ್ಕೆ ಇನ್ನೆರಡು ಹೋಗಬಹುದು. ಹನ್ನೊಂದು ಗಂಟೆಯೊಳಗೆ ನಾಲ್ಕು! ನಿಯಮ ಮುರಿದಿಲ್ಲ, ಆದರೆ ಗ್ರಾಹಕರಿಗೆ ಕಾಟ ತಪ್ಪಲಿಲ್ಲ. ಪ್ರತಿ ಸಲ ಕಳಿಸುವ ಮೊದಲು ಹಿಂದಿನ 24 ಗಂಟೆಯಲ್ಲಿ ಎಷ್ಟು ಹೋಗಿದೆ ಎಂದು ನೋಡುವುದೇ ಸರಿಯಾದ ಕ್ರಮ. ಎಣಿಕೆಯೂ ಒಂದೇ ಕಡೆ ಆಗಬೇಕು. ಮಾರಾಟದವರು, ಜಾಹೀರಾತಿನವರು ತಮ್ಮತಮ್ಮ ಲೆಕ್ಕ ಬೇರೆಬೇರೆ ಇಟ್ಟುಕೊಂಡರೆ ಮಿತಿಗೆ ಅರ್ಥವೇ ಇಲ್ಲ.

ಓಟಿಪಿ, ಖಾತೆಯಿಂದ ಹಣ ಕಡಿತವಾದ ಸುದ್ದಿ, ಪಾರ್ಸೆಲ್ ಬಾಗಿಲಿಗೆ ಬಂದ ಸುದ್ದಿ ಇವಕ್ಕೆ ಎರಡೂ ಕಟ್ಟು ಅನ್ವಯಿಸಬಾರದು. ಈ ವಿನಾಯಿತಿಯ ದುರುಪಯೋಗವೇ ನನಗೆ ಹೆಚ್ಚು ಸಿಟ್ಟು ತರಿಸುವುದು. 2017ರ ಆಂಡ್ರಾಯ್ಡ್ 8ರಿಂದ ಆರ್ಡರ್, ಆಫರ್ ಎಂದು ಸಂದೇಶಗಳನ್ನು ಬೇರೆಬೇರೆ ಚಾನೆಲ್‌ನಲ್ಲಿ ಕಳಿಸಲು ಸಾಧ್ಯವಾಗಿದೆ, ಬೇಡದ ಚಾನೆಲನ್ನು ನಾವು ಬಂದ್ ಮಾಡಬಹುದು. ಆರ್ಡರ್ ಚಾನೆಲ್‌ನಲ್ಲೇ ಆಫರ್ ತೂರಿಸಿದರೆ ಬೇಸತ್ತ ಗ್ರಾಹಕರು ಅದನ್ನೂ ಮುಚ್ಚುತ್ತಾರೆ. ಆಮೇಲೆ ಪಾರ್ಸೆಲ್ ಬಂದದ್ದೂ ತಿಳಿಯುವುದಿಲ್ಲ.

ಮಿತಿ ಸರಿಯಿದೆಯೇ ಎಂದು ತಿಳಿಯಲು ಎಷ್ಟು ಜನ ಸಂದೇಶ ತೆರೆದರು ಎಂಬ ಲೆಕ್ಕ ಸಾಲದು. ಆ್ಯಪ್ ಅಳಿಸಿದ ಸುದ್ದಿ ಸರ್ವರ್‌ಗೆ ಸಿಗುವುದೇ ತಡವಾಗಿ: ಮುಂದೆಂದೋ ಸಂದೇಶ ಕಳಿಸಿದಾಗ ಗೂಗಲ್‌ನ ವ್ಯವಸ್ಥೆ `UNREGISTERED` ಎಂದು ಉತ್ತರಿಸುತ್ತದೆ. ಹೀಗಾಗಿ ಕೊನೆಯ ಸಂದೇಶದ ಮೇಲೆ ತಪ್ಪು ಹೊರಿಸುವಂತಿಲ್ಲ. ಗ್ರಾಹಕರಲ್ಲಿ ಒಂದು ಸಣ್ಣ ಗುಂಪಿಗೆ ತಿಂಗಳ ಕಾಲ ಆಫರ್ ಕಳಿಸುವುದನ್ನೇ ನಿಲ್ಲಿಸಿ, ಉಳಿದವರೊಂದಿಗೆ ಹೋಲಿಸಿ ನೋಡಬೇಕು. ಆ ಗುಂಪಿನವರು ಅಷ್ಟೇ ಖರೀದಿಸಿ, ಆ್ಯಪನ್ನೂ ಹೆಚ್ಚು ಮಂದಿ ಉಳಿಸಿಕೊಂಡಿದ್ದರೆ ದಿನಕ್ಕೆ ಎರಡೂ ಜಾಸ್ತಿಯೇ.