ಆರ್ಡರ್ ರದ್ದಾಯಿತು, ಹಣ ಯಾವಾಗ ಬರುತ್ತದೆ?

ಆನ್‌ಲೈನ್‌ನಲ್ಲಿ ತರಿಸಿದ ವಸ್ತುವನ್ನು ಬೇಡವೆಂದು ರದ್ದು ಮಾಡಿದ ಇಬ್ಬರನ್ನು ಕೇಳಿ ನೋಡಿ. ಒಬ್ಬರು ಮೂರನೇ ದಿನಕ್ಕೇ ದುಡ್ಡು ಖಾತೆಗೆ ಬಂತು ಎನ್ನುತ್ತಾರೆ. ಇನ್ನೊಬ್ಬರು ಎರಡು ವಾರ ಕಳೆದರೂ ಸುಳಿವಿಲ್ಲ, ಕಂಪನಿಯವರು ಮೋಸ ಮಾಡಿದರು ಎಂದು ಕೊರಗುತ್ತಾರೆ. ಆ್ಯಪ್ ಒಂದೇ, ಬ್ಯಾಂಕೂ ಒಂದೇ ಇರಬಹುದು. ಹೆಚ್ಚಿನ ಸಲ ವ್ಯತ್ಯಾಸ ಇರುವುದು ಒಂದೇ ವಿಷಯದಲ್ಲಿ: ರದ್ದು ಮಾಡುವ ಹೊತ್ತಿಗೆ ಪಾರ್ಸೆಲ್ ಗೋದಾಮಿನ ಬಾಗಿಲು ದಾಟಿತ್ತೋ ಇಲ್ಲವೋ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಶಿವಮೊಗ್ಗದ ಗೃಹಿಣಿಯೊಬ್ಬರು ಭಾನುವಾರ ರಾತ್ರಿ 3,600 ರೂಪಾಯಿಯ ಮಿಕ್ಸಿಗೆ ಆರ್ಡರ್ ಕೊಟ್ಟು ಯುಪಿಐನಲ್ಲಿ ಹಣ ಕಟ್ಟಿದ್ದಾರೆ ಎಂದುಕೊಳ್ಳಿ. ಮಿಕ್ಸಿ ಇರುವುದು ಹೊಸಕೋಟೆ ಕಡೆಯ ಒಂದು ಗೋದಾಮಿನಲ್ಲಿ. ಹಣ ಅವರ ಖಾತೆಯಿಂದ ಆ ಕ್ಷಣವೇ ಹೋಗಿದೆ, ಆದರೆ ಮಿಕ್ಸಿ ಇನ್ನೂ ಕಪಾಟಿನಿಂದ ಇಳಿದಿಲ್ಲ. ಸೋಮವಾರ ಬೆಳಗಿನ ಪಾಳಿಯವರು ಬಂದು ಅದನ್ನು ಹುಡುಕಿ ತೆಗೆಯುತ್ತಾರೆ, ಡಬ್ಬಕ್ಕೆ ಹಾಕಿ ಟೇಪ್ ಸುತ್ತುತ್ತಾರೆ, ಬಿಲ್ಲನ್ನೂ ಕೊರಿಯರ್ ಕಂಪನಿಯ ಬಾರ್‌ಕೋಡ್ ಇರುವ ವಿಳಾಸದ ಚೀಟಿಯನ್ನೂ ಅಂಟಿಸುತ್ತಾರೆ. ಸಂಜೆ ಕೊರಿಯರ್ ಗಾಡಿ ಬಂದಾಗ ಒಂದೊಂದು ಡಬ್ಬವನ್ನೂ ಸ್ಕ್ಯಾನ್ ಮಾಡಿ, ಇಷ್ಟು ಪಾರ್ಸೆಲ್ ನಮ್ಮ ಕೈಗೆ ಬಂತು ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಆ ಸ್ಕ್ಯಾನೇ ಗಡಿ. ಅಲ್ಲಿಯವರೆಗೆ ಮಿಕ್ಸಿ ಮಾರುವವರ ಕೈಯಲ್ಲಿರುತ್ತದೆ, ಅದಾದ ಮೇಲೆ ದಾರಿಯಲ್ಲಿರುತ್ತದೆ.

ಈಗ ಆಕೆ ಸೋಮವಾರ ಬೆಳಿಗ್ಗೆ ಏಳಕ್ಕೆ ಮನಸ್ಸು ಬದಲಿಸಿದರು ಎನ್ನೋಣ. ಆ್ಯಪ್‌ನಲ್ಲಿ ರದ್ದು ಒತ್ತಿದ ತಕ್ಷಣ ಆರ್ಡರ್ ‘ಕ್ಯಾನ್ಸಲ್ಡ್’ ಆಗುತ್ತದೆ. ಗೋದಾಮಿನಲ್ಲಿ ಆ ಕೆಲಸವೇ ಪಟ್ಟಿಯಿಂದ ಅಳಿಸಿಹೋಗುತ್ತದೆ. ಡಬ್ಬ ಕಟ್ಟಿ ಚೀಟಿ ಅಂಟಿಸಿದ್ದರೂ ಹೊರಡುವ ಸಾಲಿನಿಂದ ಅದನ್ನು ಪಕ್ಕಕ್ಕೆ ಎತ್ತಿಟ್ಟರೆ ಮುಗಿಯಿತು. ವಾಪಸ್ ಬರಬೇಕಾದ ವಸ್ತು ಇಲ್ಲ, ಪರೀಕ್ಷಿಸಬೇಕಾದದ್ದೂ ಇಲ್ಲ. ಹಾಗಾಗಿ ಮಾರುವವರು ಸಾಮಾನ್ಯವಾಗಿ ಅವತ್ತೇ ಮರುಪಾವತಿಗೆ ಆದೇಶ ಕೊಡುತ್ತಾರೆ. ಉಳಿಯುವುದು ಬ್ಯಾಂಕಿನ ದಾರಿ ಮಾತ್ರ. ಯುಪಿಐ ಆದರೆ ಕೆಲವೊಮ್ಮೆ ಗಂಟೆಗಳಲ್ಲಿ, ಹೆಚ್ಚಾಗಿ ಎರಡು ಮೂರು ಕೆಲಸದ ದಿನಗಳಲ್ಲಿ ಹಣ ಅದೇ ಖಾತೆಗೆ ಬರುತ್ತದೆ. ಕಾರ್ಡ್ ಆದರೆ ಐದರಿಂದ ಏಳು ಕೆಲಸದ ದಿನ ಹಿಡಿಯಬಹುದು.

ಅದೇ ಗೃಹಿಣಿ ಮಂಗಳವಾರ ಬೆಳಿಗ್ಗೆ ರದ್ದು ಒತ್ತಿದ್ದರೆ? ಅಷ್ಟರಲ್ಲಿ ಮಿಕ್ಸಿ ಲಾರಿಯೊಳಗೆ ನೂರಾರು ಪಾರ್ಸೆಲ್‌ಗಳ ನಡುವೆ ಕೂತು ರಾತ್ರಿಯೇ ಹೊರಟಿದೆ. ತುಮಕೂರಿನ ಹತ್ತಿರ ಲಾರಿ ನಿಲ್ಲಿಸಿ ಒಂದು ಡಬ್ಬ ಹುಡುಕಿ ಇಳಿಸುವವರು ಯಾರೂ ಇಲ್ಲ. ಈ ಸಲ ಪರದೆಯಲ್ಲಿ ಬರುವುದು ‘ಕ್ಯಾನ್ಸಲೇಷನ್ ರಿಕ್ವೆಸ್ಟೆಡ್’ ಅಥವಾ ಅಂಥದ್ದೇ ಒಂದು ಮಾತು. ಅಂದರೆ ಕೋರಿಕೆ ಸ್ವೀಕಾರವಾಗಿದೆ, ಆರ್ಡರ್ ಇನ್ನೂ ರದ್ದಾಗಿಲ್ಲ. ಪಾರ್ಸೆಲ್ ಬುಧವಾರ ಶಿವಮೊಗ್ಗದ ಕೊರಿಯರ್ ಕೇಂದ್ರ ಮುಟ್ಟಿ, ಸ್ಕ್ಯಾನ್ ಆದಾಗ ‘ತಲುಪಿಸಬೇಡಿ, ಹಿಂದಿರುಗಿಸಿ’ ಎಂಬ ಸೂಚನೆ ಕಾಣಿಸುತ್ತದೆ. ಕೊರಿಯರ್‌ನವರು ಇದನ್ನು ‘ಆರ್‌ಟಿಒ’ ಎನ್ನುತ್ತಾರೆ. ಹೊರಟ ಜಾಗಕ್ಕೇ ವಾಪಸ್ ಎಂದು ಅರ್ಥ. ಹೊಸ ಪಾರ್ಸೆಲ್‌ಗಳಿಗೆ ಇರುವ ಅವಸರ ಇವಕ್ಕೆ ಇರುವುದಿಲ್ಲ. ವಾಪಸಾಗುವ ಡಬ್ಬಗಳು ಒಂದು ಚೀಲ ತುಂಬುವಷ್ಟು ಆಗುವವರೆಗೆ ಮೂಲೆಯಲ್ಲಿ ಕಾಯುತ್ತವೆ. ನಮ್ಮ ಮಿಕ್ಸಿ ಮುಂದಿನ ಮಂಗಳವಾರ ಗೋದಾಮು ಸೇರಿ, ಅಲ್ಲಿ ಯಾರೋ ಡಬ್ಬ ತೆರೆದು ಜಾರು ಒಡೆದಿಲ್ಲ, ವಸ್ತು ಅದಲುಬದಲಾಗಿಲ್ಲ ಎಂದು ನೋಡಿ ದಾಖಲಿಸುವ ಹೊತ್ತಿಗೆ ಗುರುವಾರ ಬರುತ್ತದೆ. ಮರುಪಾವತಿಯ ಆದೇಶ ಹೊರಡುವುದು ಆಗ. ಬ್ಯಾಂಕಿನ ಎರಡು ದಿನ ಸೇರಿಸಿದರೆ ಶನಿವಾರ ಹಣ ಖಾತೆಯಲ್ಲಿ. ಒಂದು ದಿನ ತಡವಾಗಿ ರದ್ದು ಮಾಡಿದ್ದಕ್ಕೆ ಹನ್ನೊಂದು ದಿನ ಕಾಯಬೇಕಾಯಿತು. ಮಾರುವವರು ದೆಹಲಿಯಲ್ಲೋ ಸೂರತ್‌ನಲ್ಲೋ ಇದ್ದರೆ ದಾರಿಯ ದಿನಗಳು ಇನ್ನೂ ಹೆಚ್ಚು. ಕೆಲವು ದೊಡ್ಡ ಕಂಪನಿಗಳು ವಾಪಸಿನ ಮೊದಲ ಸ್ಕ್ಯಾನ್ ಆದ ಕೂಡಲೇ ಹಣ ಬಿಡುತ್ತವೆ. ಅದು ಅವರ ಒಳ್ಳೆಯ ಪದ್ಧತಿ. ಎಲ್ಲರೂ ಹಾಗೆ ಮಾಡುತ್ತಾರೆಂದು ನಂಬಿ ಕೂರುವಂತಿಲ್ಲ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ‘ಐದರಿಂದ ಏಳು ಕೆಲಸದ ದಿನ’ ಎಂದು ಆ್ಯಪ್ ಹೇಳಿದಾಗ ನಾವು ರದ್ದು ಒತ್ತಿದ ದಿನದಿಂದ ಎಣಿಸುತ್ತೇವೆ. ಆ ಎಣಿಕೆ ಶುರುವಾಗುವುದು ‘ರೀಫಂಡ್ ಇನಿಶಿಯೇಟೆಡ್’ ಎಂದು ಕಾಣಿಸಿಕೊಂಡ ದಿನದಿಂದ. ಹೊರಡುವ ಮುಂಚಿನ ರದ್ದಿನಲ್ಲಿ ಈ ಎರಡೂ ದಿನ ಒಂದೇ ಆಗಿರುತ್ತವೆ. ಹೊರಟ ಮೇಲೆ ಇವುಗಳ ನಡುವೆ ಒಂದು ವಾರ, ಎರಡು ವಾರ ಬಂದು ಕೂರುತ್ತದೆ. ಹಣ ಬಂದಿಲ್ಲವೆಂದು ಬ್ಯಾಂಕಿಗೆ ಹೋಗಿ ಜಗಳವಾಡುವವರಲ್ಲಿ ಬಹಳ ಮಂದಿಯ ಹಣ ಬ್ಯಾಂಕಿನ ಕಡೆಗೆ ಹೊರಟೇ ಇರುವುದಿಲ್ಲ.

ಇಲ್ಲಿ ಗೊಂದಲ ಹುಟ್ಟಿಸುವ ಇನ್ನೊಂದು ಸಂಗತಿಯಿದೆ. ‘ಶಿಪ್ಡ್’ ಎಂದು ಬಂದ ಮಾತ್ರಕ್ಕೆ ಪಾರ್ಸೆಲ್ ಹೊರಟಿದೆ ಎಂದೇನಲ್ಲ. ಕೆಲವು ಮಾರಾಟಗಾರರ ವ್ಯವಸ್ಥೆಯಲ್ಲಿ ವಿಳಾಸದ ಚೀಟಿ ಮುದ್ರಣವಾದ ಕೂಡಲೇ ಹಾಗೆ ಸಂದೇಶ ಹೋಗುತ್ತದೆ. ಅನುಮಾನವಿದ್ದರೆ ಟ್ರ್ಯಾಕಿಂಗ್ ತೆರೆದು ನೋಡಿ. ಊರಿನ ಹೆಸರು, ಗಂಟೆ ಸಮೇತ ‘ಪಿಕ್ಡ್ ಅಪ್’ ಎಂಬ ಸಾಲು ಇಲ್ಲದಿದ್ದರೆ ಡಬ್ಬ ಇನ್ನೂ ಗೋದಾಮಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಆ ಹೊತ್ತಿನಲ್ಲಿ ಆ್ಯಪ್‌ನ ರದ್ದು ಗುಂಡಿ ಮಾಯವಾಗಿದ್ದರೂ ಗ್ರಾಹಕ ಸೇವೆಯವರಿಗೆ ಚಾಟ್‌ನಲ್ಲಿ ಬರೆದು ಕೇಳಿದರೆ ತಡೆಹಿಡಿದದ್ದುಂಟು.

ಹೊರಟ ಪಾರ್ಸೆಲ್‌ನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತರುವುದು ಮನೆಬಾಗಿಲಲ್ಲಿ ನಡೆಯುವುದು. ವಾಪಸಿನ ಸೂಚನೆ ತಲುಪುವ ಮೊದಲೇ ಡಬ್ಬ ಡೆಲಿವರಿ ಹುಡುಗನ ಚೀಲ ಸೇರಿರುತ್ತದೆ. ರದ್ದು ಮಾಡಿದವರು ಆಫೀಸಿನಲ್ಲಿರುತ್ತಾರೆ, ಮನೆಯಲ್ಲಿ ಅತ್ತೆ. ಹುಡುಗ ಫೋನ್ ಮಾಡಿ, “ಮೇಡಂ, ಒಂದು ಓಟಿಪಿ ಬಂದಿರುತ್ತೆ, ಹೇಳ್ತೀರಾ?” ಎನ್ನುತ್ತಾನೆ. ರದ್ದಿಗೇ ಇರಬೇಕೆಂದು ಇವರು ಹೇಳಿಬಿಡುತ್ತಾರೆ. ಓಟಿಪಿಗಳಲ್ಲಿ ಎರಡು ಬಗೆ: ವಸ್ತು ಪಡೆದೆ ಎನ್ನುವುದಕ್ಕೆ ಒಂದು, ಪಡೆಯಲಿಲ್ಲ, ರದ್ದು ಮಾಡಿ ಎನ್ನುವುದಕ್ಕೆ ಇನ್ನೊಂದು. ಯಾವುದಕ್ಕೆ ಎಂದು ಎಸ್ಸೆಮ್ಮೆಸ್‌ನಲ್ಲೇ ಬರೆದಿರುತ್ತದೆ. ಪಡೆದದ್ದರ ಓಟಿಪಿ ಕೊಟ್ಟರೆ, ಅಥವಾ ಅತ್ತೆ ಡಬ್ಬವನ್ನು ಕೈಗೆ ತೆಗೆದುಕೊಂಡರೆ, ರದ್ದಿನ ಕೋರಿಕೆ ಅಲ್ಲಿಗೆ ಮುಗಿಯಿತು. ಇನ್ನು ಅದು ‘ರಿಟರ್ನ್’. ಕಾರಣ ಕೊಡಬೇಕು, ಮಾರುವವರ ರಿಟರ್ನ್ ನಿಯಮ ಒಪ್ಪಬೇಕು, ಮನೆಯಿಂದ ಪಾರ್ಸೆಲ್ ಒಯ್ಯಲು ಬೇರೆ ದಿನ ಗೊತ್ತಾಗಬೇಕು. ಒಳಉಡುಪು, ತಿನಿಸುಗಳಂಥ ಸಾಮಾನಿಗೆ ಎಷ್ಟೋ ಕಡೆ ರಿಟರ್ನ್ ಇರುವುದೇ ಇಲ್ಲ. ಆದ್ದರಿಂದ ರದ್ದು ಮಾಡಿದ ದಿನವೇ ಮನೆಯವರಿಗೆ, ಅಪಾರ್ಟ್‌ಮೆಂಟ್ ಆದರೆ ಗೇಟಿನ ಕಾವಲಿನವರಿಗೂ, ಆ ಪಾರ್ಸೆಲ್ ಬಂದರೆ ತೆಗೆದುಕೊಳ್ಳಬೇಡಿ ಎಂದು ಹೇಳಿಡಬೇಕು. ಹಣ ಕೊಟ್ಟು ಬಿಡಿಸಿಕೊಳ್ಳುವ ಆರ್ಡರ್‌ನಲ್ಲಿ ಈ ತಾಪತ್ರಯ ಕಡಿಮೆ. ಮುಂಗಡ ಕೊಟ್ಟಿಲ್ಲವಾದ್ದರಿಂದ ಮರುಪಾವತಿಯ ಮಾತಿಲ್ಲ, ಬಾಗಿಲಲ್ಲೇ ಬೇಡವೆಂದರೆ ಸಾಕು.

ಕ್ರೆಡಿಟ್ ಕಾರ್ಡ್ ಬಳಸಿದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕಾರ್ಡ್ ಕೊಟ್ಟಾಗ ಬ್ಯಾಂಕ್ ಮೊದಲು ಆ ಮೊತ್ತವನ್ನು ಹಿಡಿದಿಡುತ್ತದೆ, ಮಾರುವವರು ಬೇಡಿಕೆ ಕಳಿಸಿದ ಮೇಲೆ ಮಾತ್ರ ಅದು ಪಕ್ಕಾ ಖರ್ಚಾಗುತ್ತದೆ. ಬೇಡಿಕೆ ಹೋಗುವ ಮುನ್ನವೇ ಆರ್ಡರ್ ರದ್ದಾದರೆ ಹಿಡಿದಿಟ್ಟದ್ದನ್ನು ಬಿಟ್ಟುಬಿಡುತ್ತಾರೆ. ಆಗ ಸ್ಟೇಟ್‌ಮೆಂಟಿನಲ್ಲಿ ಖರ್ಚೂ ಇರುವುದಿಲ್ಲ, ಜಮೆಯೂ ಇರುವುದಿಲ್ಲ. ಜಮೆಯ ಸಾಲು ಹುಡುಕಿ ಕಾಣದೆ ಗಾಬರಿಯಾಗುವವರು ಕಾರ್ಡಿನ ಉಳಿದ ಮಿತಿ ಮೊದಲಿನಷ್ಟಾಗಿದೆಯೇ ಎಂದು ನೋಡಿದರೆ ಉತ್ತರ ಸಿಗುತ್ತದೆ. ಪಾರ್ಸೆಲ್ ಹೊರಟ ಮೇಲಿನ ರದ್ದಿನಲ್ಲಿ ಖರ್ಚು ಸಾಮಾನ್ಯವಾಗಿ ಬಿಲ್ಲಿಗೆ ಬಂದೇ ಇರುತ್ತದೆ. ಬಾಕಿ ಕಟ್ಟುವ ಕೊನೆಯ ದಿನದೊಳಗೆ ಮರುಪಾವತಿ ಬಂದರೆ ಅದನ್ನು ಬಾಕಿಯಲ್ಲಿ ಕೂಡಲೇ ಕಳೆಯಬೇಕೆಂದು ರಿಸರ್ವ್ ಬ್ಯಾಂಕ್‌ನ ನಿರ್ದೇಶನ ಹೇಳುತ್ತದೆ. ಬಾರದಿದ್ದರೆ ಪೂರ್ತಿ ಬಿಲ್ ಕಟ್ಟಿಬಿಡುವುದೇ ಕ್ಷೇಮ. ಹೇಗೂ ಬರುತ್ತದಲ್ಲ ಎಂದು ಆ ಮೊತ್ತ ಉಳಿಸಿಕೊಂಡರೆ ಬಡ್ಡಿ ಬೀಳುತ್ತದೆ.

ಕಾನೂನು ಇಷ್ಟು ದಿನದೊಳಗೆ ಎಂದು ಗೆರೆ ಎಳೆದಿಲ್ಲವೇ ಎಂದು ಕೇಳಬಹುದು. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, ಒಪ್ಪಿದ ಮರುಪಾವತಿಯನ್ನು ರಿಸರ್ವ್ ಬ್ಯಾಂಕ್ ಅಥವಾ ಸಂಬಂಧಪಟ್ಟ ಪ್ರಾಧಿಕಾರ ಹೇಳಿದ ರೀತಿಯಲ್ಲಿ, ಇಲ್ಲವೇ ಸಮಂಜಸವಾದ ಅವಧಿಯಲ್ಲಿ ಕೊಡಬೇಕೆನ್ನುತ್ತವೆ. ಮಾರುವವರು ತಾವಾಗಿ ಆರ್ಡರ್ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ಹೊರದಿದ್ದರೆ, ಗ್ರಾಹಕರಿಂದ ರದ್ದಿನ ಶುಲ್ಕ ಕೇಳುವಂತಿಲ್ಲ ಎಂದೂ ಅದರಲ್ಲಿದೆ. ಐದು ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅದು ರಿಸರ್ವ್ ಬ್ಯಾಂಕ್‌ನ 2019ರ ಸುತ್ತೋಲೆಯದು, ವಿಫಲವಾದ ವ್ಯವಹಾರಗಳಿಗೆ ಸಂಬಂಧಿಸಿದ್ದು. ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಪಾವತಿ ಖಚಿತವಾಗದೇ ಹೋದರೆ ಅದು ಅನ್ವಯಿಸುತ್ತದೆ. ನಾವೇ ರದ್ದು ಮಾಡಿದ ಆರ್ಡರ್‌ಗೆ ಅಲ್ಲ.

ಮರುಪಾವತಿ ಆದೇಶವಾಗಿದೆ ಎಂದು ಆ್ಯಪ್ ಹೇಳಿ ಏಳು ಕೆಲಸದ ದಿನ ಕಳೆದರೂ ಹಣ ಬಾರದಿದ್ದರೆ, ಮಾರುವವರಿಂದ ಒಂದು ಸಂಖ್ಯೆಯನ್ನು ಕೇಳಿ ಪಡೆಯಬೇಕು. ಕಾರ್ಡ್ ಆದರೆ 23 ಅಂಕಿಗಳ ‘ಎಆರ್‌ಎನ್’, ಯುಪಿಐ ಆದರೆ 12 ಅಂಕಿಗಳ ‘ಆರ್‌ಆರ್‌ಎನ್’. ಅದನ್ನು ಹಿಡಿದು ಬ್ಯಾಂಕಿನವರು ಹಣ ಎಲ್ಲಿದೆ ಎಂದು ಹುಡುಕಬಲ್ಲರು. ಸಂಖ್ಯೆ ಕೊಡಲು ಹಿಂದೇಟು ಹಾಕಿದರೆ ಹಣ ಅವರಿಂದ ಹೊರಟಿಲ್ಲ ಎಂದೇ ಅನುಮಾನಿಸಬಹುದು. ಚಿಕ್ಕ ಅಂಗಡಿಗಳಲ್ಲಿ ಇದು ಹೆಚ್ಚು. ಪಾವತಿ ಸಂಸ್ಥೆಯಲ್ಲಿ ಅವರ ಲೆಕ್ಕದಲ್ಲಿ ಹಣ ಸಾಲದಿದ್ದರೆ ಮರುಪಾವತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದರೆ 48 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದೂ 2020ರ ನಿಯಮದಲ್ಲೇ ಇದೆ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೂರಿನ ಜೊತೆಗೆ ರದ್ದು ಮಾಡಿದ ಸಮಯ ಕಾಣುವ ಪರದೆಯ ಚಿತ್ರ ಮತ್ತು ಆ ಹೊತ್ತಿನ ಟ್ರ್ಯಾಕಿಂಗ್ ಸಾಲುಗಳ ಚಿತ್ರ ಇದ್ದರೆ, ಪಾರ್ಸೆಲ್ ಹೊರಡುವ ಮುಂಚೆಯೇ ರದ್ದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಈ ಕಾಯುವ ದಿನಗಳಲ್ಲೇ ವಂಚಕರ ಕರೆ ಬರುವುದೂ ಉಂಟು. ಗೂಗಲ್‌ನಲ್ಲಿ ಸಿಕ್ಕ ಯಾವುದೋ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡಿದವರಿಗೆ, ರೀಫಂಡ್ ಕಳಿಸುತ್ತೇವೆ, ಯುಪಿಐ ಪಿನ್ ಒತ್ತಿ ಎನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಒತ್ತಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ತಿಳಿಸಬೇಕು.